ಬ್ಯಾಚ್‌ವಾರು ವಾರಂಟಿ ವರದಿ ಮಾಡುವುದು ಹೇಗೆ: ಸೀಲಿಂಗ್ ಫ್ಯಾನಿನ ಒಂದು ಲೆಕ್ಕ

ಸಣ್ಣ ಕಾರ್ಖಾನೆಗಳಲ್ಲಿ ವಾರಂಟಿ ವರದಿ ಅಂದರೆ ಸಾಮಾನ್ಯವಾಗಿ ಒಂದು ಪಟ್ಟಿ: ಈ ತಿಂಗಳು ಎಷ್ಟು ದೂರು ಬಂತು, ಯಾವ ಮಾಡೆಲಿಗೆ ಎಷ್ಟು, ಎಷ್ಟು ರೂಪಾಯಿ ಖರ್ಚಾಯಿತು. ಅಕೌಂಟ್ಸ್‌ನವರಿಗೆ ಇದು ಸಾಕು. ಆದರೆ ಕಾರ್ಖಾನೆಯಲ್ಲಿ ಏನೋ ಕೆಟ್ಟಿದೆ ಅನ್ನುವುದನ್ನು ಈ ಪಟ್ಟಿ ಹೇಳುವ ಹೊತ್ತಿಗೆ ಆ ಮಾಲು ಅಂಗಡಿಗಳನ್ನೂ ದಾಟಿ ಮನೆಮನೆಯ ಸೂರಿಗೆ ಸೇರಿರುತ್ತದೆ. ಬೇಗ ಗೊತ್ತಾಗಬೇಕಾದರೆ ದೂರುಗಳನ್ನು ಅವು ಬಂದ ತಿಂಗಳ ಲೆಕ್ಕದಲ್ಲಿ ಇಡುವುದನ್ನು ಬಿಟ್ಟು, ಆ ವಸ್ತು ತಯಾರಾದ ಬ್ಯಾಚಿನ ಲೆಕ್ಕದಲ್ಲಿ, ಅದರ ವಯಸ್ಸಿನ ಜೊತೆ ಇಡಬೇಕು. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಸಾಕು.

ಸೀಲಿಂಗ್ ಫ್ಯಾನನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಒಳಗಿರುವ ಭಾಗಗಳು ಕೆಲವೇ, ಕೆಡುವ ರೀತಿಯೂ ಎಲ್ಲರಿಗೂ ಗೊತ್ತು. ಬೇರಿಂಗ್ ಸದ್ದು ಮಾಡುತ್ತದೆ, ರೆಕ್ಕೆ ಅಲುಗುತ್ತದೆ, ವೈಂಡಿಂಗ್ ಸುಡುತ್ತದೆ, ಇಲ್ಲವೇ ಕೆಪಾಸಿಟರ್ ಸೋಲುತ್ತದೆ. ಕೊನೆಯದನ್ನು ನೀವೂ ಕಂಡಿರುತ್ತೀರಿ: ಸ್ವಿಚ್ ಹಾಕಿದರೆ ಫ್ಯಾನು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕೋಲಿನಿಂದ ರೆಕ್ಕೆಯನ್ನು ಒಮ್ಮೆ ತಳ್ಳಿದರೆ ಮೆಲ್ಲಗೆ ಹೊರಡುತ್ತದೆ. ಕೆಳಗಿನ ಅಂಕಿಗಳು ಲೆಕ್ಕ ಅರ್ಥವಾಗಲಿ ಎಂದು ನಾನೇ ಇಟ್ಟುಕೊಂಡವು, ಯಾವ ಕಂಪನಿಯವೂ ಅಲ್ಲ.

ಬ್ಯಾಚು ಅಂದರೆ ಯಾವುದು

ಹೆಚ್ಚಿನವರು ತಯಾರಾದ ತಿಂಗಳನ್ನೇ ಬ್ಯಾಚು ಎಂದು ಇಟ್ಟುಕೊಂಡಿರುತ್ತಾರೆ. ಶುರು ಮಾಡಲು ಅದು ಪರವಾಗಿಲ್ಲ. ಆದರೆ ದೋಷ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ. ಹೊಸ ಕೆಪಾಸಿಟರ್ ಲಾಟು ಒಡೆದಾಗ, ಬೇರಿಂಗಿನ ಸಪ್ಲೈಯರ್ ಬದಲಾದಾಗ, ವೈಂಡಿಂಗ್ ಮೆಷಿನ್ನಿಗೆ ಹೊಸಬರು ಕೂತಾಗ ಬರುತ್ತದೆ. ಹಾಗಾಗಿ ತಿಂಗಳ ಬ್ಯಾಚನ್ನು ಉಳಿಸಿಕೊಂಡೇ ಲೈನಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಕೆಪಾಸಿಟರ್, ಬೇರಿಂಗ್, ತಾಮ್ರದ ತಂತಿ ಈ ಮೂರರಲ್ಲಿ ಯಾವುದರ ಹೊಸ ಲಾಟು ಒಡೆದರೂ, ಆ ಹೊತ್ತಿಗೆ ಲೈನಿನಲ್ಲಿದ್ದ ಫ್ಯಾನಿನ ಸೀರಿಯಲ್ ನಂಬರ್ ಮತ್ತು ಪೆಟ್ಟಿಗೆಯ ಮೇಲಿನ ಲಾಟ್ ನಂಬರ್ ಬರೆಯಬೇಕು. ಒಂದು ಸಾಲಿನ ಕೆಲಸ. ಮುಂದೆ ಇಡೀ ತನಿಖೆ ನಿಲ್ಲುವುದು ಈ ಸಾಲಿನ ಮೇಲೆ.

ಸೀರಿಯಲ್ ನಂಬರಿನಲ್ಲೇ ವರ್ಷ, ತಿಂಗಳು ಮತ್ತು ಕ್ರಮಾಂಕ ಇರಲಿ. ಕ್ರಮಾಂಕ ಲೈನಿನಿಂದ ಇಳಿದ ಅನುಕ್ರಮದಲ್ಲೇ ಇರಬೇಕು. ಕೆಲವು ಕಡೆ ಸ್ಟಿಕ್ಕರುಗಳನ್ನು ಮೊದಲೇ ಪ್ರಿಂಟ್ ಮಾಡಿಟ್ಟು, ಪ್ಯಾಕಿಂಗ್ ಮಾಡುವಾಗ ಕೈಗೆ ಸಿಕ್ಕಿದ್ದನ್ನು ಅಂಟಿಸುತ್ತಾರೆ. ಹಾಗೆ ಮಾಡಿದರೆ ನೋಟ್‌ಬುಕ್ಕಿನ ಸಾಲಿಗೆ ಬೆಲೆಯೇ ಉಳಿಯುವುದಿಲ್ಲ.

ದೂರಿನ ಶೀಟು

ಒಂದು ದೂರಿಗೆ ಒಂದು ಸಾಲು. ಕಾಲಮ್ಮುಗಳು ಇಷ್ಟಿದ್ದರೆ ಸಾಕು:

```
A ClaimNo   B SerialNo   C Batch   D SaleDate
E FailDate  F EntryDate  G Fault   H Age
```

ಮೂರು ತಾರೀಖು ಯಾಕೆ ಎಂದು ಕೇಳಬಹುದು. ಫ್ಯಾನು ಗ್ರಾಹಕರ ಕೈ ಸೇರಿದ್ದು ಒಂದು ದಿನ, ಕೆಟ್ಟದ್ದು ಇನ್ನೊಂದು ದಿನ, ನಿಮ್ಮ ಶೀಟಿಗೆ ಬಂದದ್ದು ಮತ್ತೊಂದು ದಿನ. ಡೀಲರುಗಳು ದೂರುಗಳನ್ನು ಕೂಡಿಹಾಕಿ ತಿಂಗಳ ಕೊನೆಗೆ ಒಟ್ಟಿಗೆ ಕಳಿಸುವುದು ಮಾಮೂಲು. ಬರೀ ಶೀಟಿಗೆ ಬಂದ ತಾರೀಖು ಇಟ್ಟುಕೊಂಡರೆ, ಡೀಲರಿಗೆ ಬಿಡುವಾದ ದಿನವೇ ಫ್ಯಾನುಗಳೆಲ್ಲ ಕೆಟ್ಟ ಹಾಗೆ ಕಾಣುತ್ತದೆ.

ಗ್ರಾಹಕರು ಹೇಳಿದ್ದನ್ನೂ ಟೆಕ್ನಿಷಿಯನ್ ಕಂಡದ್ದನ್ನೂ ಬೆರೆಸಬೇಡಿ. "ಫ್ಯಾನು ನಿಧಾನ" ಅನ್ನುವುದು ದೂರು. ಅದಕ್ಕೆ ಕೆಪಾಸಿಟರ್ ಕಾರಣವಿರಬಹುದು, ರೆಗ್ಯುಲೇಟರ್ ಇರಬಹುದು, ಊರಿನ ವೋಲ್ಟೇಜೇ ಕಡಿಮೆ ಇರಬಹುದು. Fault ಕಾಲಮ್ಮಿಗೆ ಹೋಗಬೇಕಾದದ್ದು ಬಿಚ್ಚಿ ನೋಡಿದ ಮೇಲೆ ಕಂಡದ್ದು ಮಾತ್ರ. ಅದಕ್ಕೆ ಡ್ರಾಪ್‌ಡೌನ್ ಕೊಡಿ, ಎಂಟು ಹತ್ತು ಆಯ್ಕೆಗಿಂತ ಹೆಚ್ಚು ಬೇಡ. ಮೂವತ್ತು ಆಯ್ಕೆ ಕೊಟ್ಟರೆ ಬಿಸಿಲಲ್ಲಿ ನಾಲ್ಕನೇ ಮನೆಗೆ ಹೋಗಿಬಂದ ಹುಡುಗ "ಇತರೆ" ಒತ್ತಿ ಮುಗಿಸುತ್ತಾನೆ. ಅವನ ತಪ್ಪೇನಿಲ್ಲ.

ಸೀರಿಯಲ್ ನಂಬರ್ ಸಿಗುವುದು ಇದಕ್ಕಿಂತ ಕಷ್ಟ. ಸ್ಟಿಕ್ಕರ್ ಇರುವುದು ಮೋಟಾರಿನ ಮೇಲ್ಭಾಗದಲ್ಲಿ, ಸೂರಿನ ಕಡೆ ಮುಖಮಾಡಿ. ಸ್ಟೂಲಿನ ಮೇಲೆ ನಿಂತವನಿಗೆ ಅದು ಕಾಣುವುದಿಲ್ಲ, ಕಂಡರೂ ಧೂಳು ಅಂಟಿ ಓದಲು ಬರುವುದಿಲ್ಲ. ಕೊನೆಗೆ ಅವನು ಬಿಲ್ಲಿನ ನಂಬರ್ ಬರೆಯುತ್ತಾನೆ, ಇಲ್ಲವೇ ಖಾಲಿ ಬಿಡುತ್ತಾನೆ. ಅದೇ ನಂಬರಿನ ಇನ್ನೊಂದು ಸಣ್ಣ ಸ್ಟಿಕ್ಕರನ್ನು ರಾಡಿನ ಮೇಲಿನ ಬಟ್ಟಲಿನ ಒಳಗೆ, ಕೆಪಾಸಿಟರ್ ಕೂರುವ ಜಾಗದ ಹತ್ತಿರ ಅಂಟಿಸಿ. ಕೆಪಾಸಿಟರ್ ಬದಲಿಸಲು ಬಟ್ಟಲನ್ನು ಹೇಗೂ ಇಳಿಸಲೇಬೇಕು, ಆಗ ಕಣ್ಣೆದುರಿಗೇ ಇರುತ್ತದೆ. ಫೋಟೋ ತೆಗೆದು ವಾಟ್ಸಾಪಿಗೆ ಹಾಕು ಅಂದರೆ ಸಂತೋಷದಿಂದ ಹಾಕುತ್ತಾರೆ, ಬರೆಯಲು ಹೇಳಿದರೆ ತಪ್ಪಿ ಬರೆಯುತ್ತಾರೆ.

ವಯಸ್ಸು ಮತ್ತು ಛೇದ

ಕೆಡುವ ಹೊತ್ತಿಗೆ ಫ್ಯಾನಿಗೆ ಎಷ್ಟು ತಿಂಗಳಾಗಿತ್ತು ಅನ್ನುವುದು Age. H ಕಾಲಮ್ಮಿನಲ್ಲಿ:

```
=DATEDIF(D2,E2,"M")
```

ಮಾರಾಟದ ತಾರೀಖು ಇಲ್ಲದ ಸಾಲುಗಳನ್ನು ಬೇರೆ ಇಡಿ. ಊಹೆಯ ತಾರೀಖು ತುಂಬಿಸಿದರೆ ಆ ಊಹೆಯೇ ಮುಂದೆ ಸತ್ಯವಾಗಿ ಕೂತುಬಿಡುತ್ತದೆ.

ಇನ್ನು ಭಾಗಿಸುವ ಸಂಖ್ಯೆ. ಎಷ್ಟು ಫ್ಯಾನಿನಲ್ಲಿ ಎಷ್ಟು ಕೆಟ್ಟಿತು ಎಂದು ಹೇಳುವಾಗ ಕೆಳಗೆ ಬರಬೇಕಾದದ್ದು ತಯಾರಿಸಿದ ಸಂಖ್ಯೆಯಲ್ಲ, ಗ್ರಾಹಕರ ಮನೆಯಲ್ಲಿ ಅಷ್ಟು ತಿಂಗಳು ಪೂರೈಸಿದ ಸಂಖ್ಯೆ. ಗೋಡೌನಿನಲ್ಲಿ, ಡೀಲರ್ ಅಂಗಡಿಯಲ್ಲಿ ಪೆಟ್ಟಿಗೆಯೊಳಗೆ ಕೂತ ಫ್ಯಾನು ಕೆಡುವುದಿಲ್ಲ. ಅದನ್ನು ಸೇರಿಸಿದರೆ ಹೊಸ ಬ್ಯಾಚುಗಳೆಲ್ಲ ಒಳ್ಳೆಯವಾಗಿ ಕಾಣುತ್ತವೆ, ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ಡೀಲರುಗಳಿಂದ ಮಾರಾಟದ ಲೆಕ್ಕ ಸಿಕ್ಕರೆ ಉತ್ತಮ. ಸಿಗದಿದ್ದರೆ ನಿಮ್ಮ ಇನ್‌ವಾಯ್ಸ್ ತಾರೀಖಿಗೆ, ಮಾಲು ಅಂಗಡಿಯಲ್ಲಿ ಸಾಮಾನ್ಯವಾಗಿ ಎಷ್ಟು ವಾರ ಕೂರುತ್ತದೋ ಅಷ್ಟು ಸೇರಿಸಿ ಅಂದಾಜು ಮಾಡಿ. ಎಲ್ಲ ಬ್ಯಾಚಿಗೂ ಒಂದೇ ಅಂದಾಜು ಇರಲಿ.

ಅಂಶಕ್ಕೂ ಅದೇ ನಿಯಮ. ಮೂರು ತಿಂಗಳ ದರ ತೆಗೆಯುವಾಗ ಮೂರು ತಿಂಗಳ ಹಿಂದೆಯೇ ಮಾರಾಟವಾದ ಫ್ಯಾನುಗಳ ದೂರನ್ನಷ್ಟೇ ಎಣಿಸಬೇಕು:

```
=COUNTIFS(Claims!$C:$C,$A2,Claims!$G:$G,"CAP",
 Claims!$H:$H,"<3",
 Claims!$D:$D,"<="&EDATE(TODAY(),-3))
```

Claims ಅಂದರೆ ದೂರಿನ ಶೀಟಿನ ಹೆಸರು, A2 ಅಂದರೆ ವರದಿಯ ಶೀಟಿನಲ್ಲಿ ಬ್ಯಾಚಿನ ಹೆಸರು, CAP ಅಂದರೆ ಕೆಪಾಸಿಟರಿನ ಕೋಡು. ಬಂದ ಸಂಖ್ಯೆಯನ್ನು ಮೂರು ತಿಂಗಳು ಪೂರೈಸಿದ ಫ್ಯಾನುಗಳಿಂದ ಭಾಗಿಸಿ 1000ದಿಂದ ಗುಣಿಸಿ. ಇದೇ ರೀತಿ 1, 3, 6, 12 ತಿಂಗಳಿಗೆ ಒಂದೊಂದು ಕಾಲಮ್ಮು ಮಾಡಿಕೊಳ್ಳಿ. ಒಂದು ತಿಂಗಳ ಕಾಲಮ್ಮಿನಲ್ಲಿ ಜೋಡಣೆಯ ತಪ್ಪುಗಳು ಕಾಣುತ್ತವೆ: ಸಡಿಲ ತಂತಿ, ಬ್ಯಾಲೆನ್ಸ್ ಆಗದ ರೆಕ್ಕೆ. ಮೂರರಲ್ಲಿ ಆರರಲ್ಲಿ ಕಳಪೆ ಭಾಗಗಳು. ಹನ್ನೆರಡರ ಹೊತ್ತಿಗೆ ಗೊತ್ತಾದರೆ ಅದನ್ನು ಬೇಗ ಅನ್ನಲಾಗದು, ಆದರೂ ಇರಲಿ.

ಲೆಕ್ಕ ಓದುವುದು

ಜುಲೈ ಮೊದಲ ವಾರದಲ್ಲಿ ಕೂತು ನಾಲ್ಕು ಬ್ಯಾಚುಗಳ ಕೆಪಾಸಿಟರ್ ದೂರು ತೆಗೆದೆವು ಎಂದಿಟ್ಟುಕೊಳ್ಳಿ.

| ಬ್ಯಾಚು | 3 ತಿಂಗಳು ಪೂರೈಸಿದ ಫ್ಯಾನು | ಈವರೆಗಿನ ಒಟ್ಟು ದೂರು | ಮೊದಲ 3 ತಿಂಗಳ ದೂರು | 1000ಕ್ಕೆ |
|---|---|---|---|---|
| ಅಕ್ಟೋಬರ್ | 1200 | 21 | 4 | 3.3 |
| ನವೆಂಬರ್ | 1000 | 17 | 4 | 4.0 |
| ಡಿಸೆಂಬರ್ | 900 | 13 | 4 | 4.4 |
| ಜನವರಿ | 640 | 12 | 11 | 17.2 |

ಒಟ್ಟು ದೂರಿನ ಕಾಲಮ್ಮು ಮಾತ್ರ ನೋಡಿದರೆ ಅಕ್ಟೋಬರ್ ಮೇಲಿದೆ, ಜನವರಿ ಎಲ್ಲಕ್ಕಿಂತ ಕೆಳಗಿದೆ. ಮಾಮೂಲಿ ವರದಿ ಹೇಳುವುದೂ ಇದನ್ನೇ. ಅಕ್ಟೋಬರಿನ ಫ್ಯಾನುಗಳು ಹೆಚ್ಚು, ಓಡಿದ ತಿಂಗಳುಗಳೂ ಹೆಚ್ಚು, ಆದ್ದರಿಂದ ದೂರೂ ಹೆಚ್ಚು. ಒಂದೇ ವಯಸ್ಸಿನಲ್ಲಿ ಹೋಲಿಸಿದಾಗ ಜನವರಿ ನಾಲ್ಕು ಪಟ್ಟಿಗೂ ಮಿಕ್ಕಿ ಮೇಲೆದ್ದಿದೆ.

ಸಂಖ್ಯೆ ಸಣ್ಣದು, ಕಾಕತಾಳೀಯ ಇರಬಹುದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳಬೇಕಾದದ್ದೇ. ಹಿಂದಿನ ಮೂರು ಬ್ಯಾಚು ಸೇರಿ 3100 ಫ್ಯಾನಿಗೆ 12 ದೂರು. ಅದೇ ದರದಲ್ಲಿ 640 ಫ್ಯಾನಿಗೆ ಸುಮಾರು 2.5 ದೂರು ಬರಬೇಕಿತ್ತು, ಬಂದದ್ದು 11. ಬರೀ ಅದೃಷ್ಟದಿಂದ ಹನ್ನೊಂದೋ ಅದಕ್ಕಿಂತ ಹೆಚ್ಚೋ ಬರುವ ಸಾಧ್ಯತೆ ಎಷ್ಟು ಅನ್ನುವುದನ್ನು ಶೀಟೇ ಹೇಳುತ್ತದೆ:

```
=1-POISSON.DIST(10,2.5,TRUE)
```

ಉತ್ತರ ಹತ್ತು ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ. ಸೂತ್ರದಲ್ಲಿ 11ರ ಬದಲು 10 ಹಾಕಿದ್ದನ್ನು ಗಮನಿಸಿ, ಹತ್ತರವರೆಗಿನದನ್ನು ಕಳೆದರೆ ಉಳಿಯುವುದೇ ಹನ್ನೊಂದು ಮತ್ತು ಮೇಲಿನದು. ಇದೇ ಜಾಗದಲ್ಲಿ 5 ದೂರು ಬಂದಿದ್ದರೆ ಸಾಧ್ಯತೆ ನೂರಕ್ಕೆ ಹತ್ತರ ಆಸುಪಾಸು. ಅದಕ್ಕೆ ಯಾರನ್ನೂ ಓಡಿಸಬೇಕಿಲ್ಲ, ಮುಂದಿನ ವಾರ ಮತ್ತೆ ನೋಡಿದರೆ ಸಾಕು. ನೀವು ಹತ್ತು ಬ್ಯಾಚು, ಎಂಟು ಬಗೆಯ ದೋಷ ಒಟ್ಟಿಗೆ ನೋಡುತ್ತೀರಿ, ಅಂದರೆ ಎಂಬತ್ತು ಕೋಶ. ನೂರಕ್ಕೆ ಐದರ ಗೆರೆ ಇಟ್ಟುಕೊಂಡರೆ ಏನೂ ಕೆಡದ ತಿಂಗಳಲ್ಲೂ ಕೆಲವು ಕೋಶ ಕೆಂಪಾಗುತ್ತವೆ. ನಾಲ್ಕು ಸಲ ಸುಳ್ಳು ಗಂಟೆ ಬಾರಿಸಿದ ವರದಿಯನ್ನು ಐದನೇ ಸಲ ಯಾರೂ ತೆರೆಯುವುದಿಲ್ಲ. ಸಾವಿರಕ್ಕೆ ಒಂದರ ಗೆರೆಯಿಂದ ಶುರು ಮಾಡಿ.

ಕೊನೆಯ ತಿಂಗಳ ಅಂಕಿಗಳನ್ನು ಬೂದು ಬಣ್ಣದಲ್ಲಿ ಇಡಿ. FailDate ಮತ್ತು EntryDate ನಡುವೆ ಸರಾಸರಿ ಎಷ್ಟು ದಿನ ಎಂದು ನೋಡಿದರೆ, ಎಷ್ಟು ವಾರದ ಅಂಕಿ ಇನ್ನೂ ತುಂಬಿಲ್ಲ ಅನ್ನುವುದು ತಿಳಿಯುತ್ತದೆ.

ಆರೋಪ ಹೊರಿಸುವ ಮೊದಲು

ಅಕ್ಟೋಬರಿನ ಫ್ಯಾನು ಮಾರಾಟವಾದದ್ದು ನವೆಂಬರ್–ಡಿಸೆಂಬರಿನಲ್ಲಿ, ಅದರ ಮೊದಲ ಮೂರು ತಿಂಗಳು ಬಹುಪಾಲು ಚಳಿಗಾಲ. ಜನವರಿಯದು ಫೆಬ್ರವರಿ–ಮಾರ್ಚಿನಲ್ಲಿ ಮಾರಾಟವಾಗಿ ನೇರ ಬೇಸಿಗೆಗೆ ಬಿದ್ದಿದೆ, ಹಗಲುರಾತ್ರಿ ಓಡಿದೆ. ಅಷ್ಟೇ ಅಲ್ಲ, ಆ ಬ್ಯಾಚಿನ ಹೆಚ್ಚಿನ ಮಾಲು ಕಲಬುರಗಿ, ರಾಯಚೂರಿನ ಕಡೆ ಹೋಗಿದ್ದರೆ ಅಲ್ಲಿಯ 40 ಡಿಗ್ರಿ ದಾಟಿದ ಸೆಕೆಯೇ ಕೆಪಾಸಿಟರಿಗೆ ಸಾಕಷ್ಟು ಪೆಟ್ಟು ಕೊಟ್ಟಿರಬಹುದು. ಅಂದರೆ ವಯಸ್ಸು ಒಂದೇ ಆದರೂ ದುಡಿಮೆ ಒಂದೇ ಅಲ್ಲ. ಖರೀದಿ ವಿಭಾಗದವರು ಸಪ್ಲೈಯರಿಗೆ ಫೋನ್ ಮಾಡಿದ ಕೂಡಲೇ ಅವನು ಹೇಳುವ ಮೊದಲ ಮಾತೂ ಇದೇ: "ಬೇಸಿಗೆ ಸಾರ್, ಎಲ್ಲರದೂ ಹೋಗ್ತಿದೆ."

ಇದಕ್ಕೆ ಉತ್ತರ ನಿಮ್ಮ ಶೀಟಿನಲ್ಲೇ ಇದೆ. ಬೇಸಿಗೆಯೇ ಕಾರಣವಾದರೆ ಕೆಪಾಸಿಟರ್ ಒಂದೇ ಏರಬಾರದು, ಬೇರಿಂಗ್, ವೈಂಡಿಂಗ್ ಎಲ್ಲವೂ ಜೊತೆಗೆ ಏರಬೇಕು. ನಮ್ಮ ಲೆಕ್ಕದಲ್ಲಿ ಉಳಿದ ದೋಷಗಳು ಹಿಂದಿನ ಮೂರು ಬ್ಯಾಚಿನ 3100 ಫ್ಯಾನಿಗೆ 18, ಅಂದರೆ ಸಾವಿರಕ್ಕೆ 5.8. ಜನವರಿಯ 640ಕ್ಕೆ 5, ಅಂದರೆ 7.8. ಏರಿದೆ, ಮೂರನೇ ಒಂದರಷ್ಟು. ಕೆಪಾಸಿಟರ್ ಏರಿದ್ದು ನಾಲ್ಕು ಪಟ್ಟು. ಬೇಸಿಗೆಯ ಪಾಲು ಇದೆ, ಆದರೆ ಪೂರ್ತಿ ಕಥೆ ಅದಲ್ಲ. ಬಿಸಿಯೂರು, ತಂಪೂರು ಎಂದು ಡೀಲರುಗಳನ್ನು ಎರಡು ಗುಂಪು ಮಾಡಿ ಒಮ್ಮೆ ನೋಡಿ. ತಂಪಿನ ಊರಲ್ಲೂ ಜನವರಿಯೇ ಮೇಲಿದ್ದರೆ ಸಂಶಯ ಇನ್ನೂ ಗಟ್ಟಿ. ಹಿಂದಿನ ವರ್ಷದ ಜನವರಿ ಬ್ಯಾಚಿನ ಅಂಕಿ ಇದ್ದರೆ ಅದಕ್ಕಿಂತ ಒಳ್ಳೆಯ ಹೋಲಿಕೆ ಬೇರೆ ಇಲ್ಲ.

ಈಗ ನೋಟ್‌ಬುಕ್ ತೆರೆಯುವ ಸಮಯ. ಹನ್ನೊಂದು ಸೀರಿಯಲ್ ನಂಬರುಗಳನ್ನು ಏರಿಕೆಯಲ್ಲಿ ಸಾಲಾಗಿ ಬರೆದಾಗ ಒಂದು 0112, ಉಳಿದ ಹತ್ತೂ 0391 ಮತ್ತು 0672ರ ನಡುವೆ. ಬ್ಯಾಚಿನುದ್ದಕ್ಕೂ ಚದುರಿದ್ದರೆ ಲೈನಿನ ಯಾವುದೋ ಕೆಲಸದ ಕಡೆ ನೋಡಬೇಕಿತ್ತು, ಹೀಗೆ ಒಂದೇ ಕಡೆ ಗುಂಪಾದರೆ ನಡುವೆ ಏನೋ ಬದಲಾಗಿದೆ. ನೋಟ್‌ಬುಕ್ಕಿನಲ್ಲಿ 0384ರ ಎದುರು ಹೊಸ ಕೆಪಾಸಿಟರ್ ಲಾಟು ಒಡೆದ ಸಾಲು ಇದೆ. ಇನ್ನೂ ಕೆಳಗೆ ಓದಿದರೆ ಮುಂದಿನ ಲಾಟು ಒಡೆದದ್ದು ಫೆಬ್ರವರಿ ಬ್ಯಾಚಿನ 0150ರಲ್ಲಿ. ಅಂದರೆ ಫೆಬ್ರವರಿಯ ಮೊದಲ ನೂರೈವತ್ತು ಫ್ಯಾನುಗಳಲ್ಲೂ ಇದೇ ಲಾಟು ಕೂತಿದೆ. ಅವುಗಳಿಂದ ಇನ್ನೂ ಒಂದೂ ದೂರು ಬಂದಿಲ್ಲ, ಕೆಲವು ಗೋಡೌನಿನಲ್ಲೇ ಇವೆ. ಇಷ್ಟು ಹೊತ್ತು ಪಟ್ಟ ಕಷ್ಟಕ್ಕೆ ಸಿಗುವ ಕೂಲಿ ಇದು: ದೂರು ಬಾರದ ಮಾಲನ್ನು ಇವತ್ತೇ ತಡೆಹಿಡಿಯಬಹುದು.

ಕೈಯಲ್ಲಿ ಹಿಡಿದು ನೋಡುವುದು

ಶೀಟು ಬೆರಳು ತೋರಿಸುತ್ತದೆ ಅಷ್ಟೇ. ಹಳೆಯ ಕೆಪಾಸಿಟರುಗಳನ್ನು ಟೆಕ್ನಿಷಿಯನ್ ಎಸೆಯದೆ, ಸೀರಿಯಲ್ ನಂಬರಿನ ಚೀಟಿ ಕಟ್ಟಿ ವಾಪಸು ಕಳಿಸುವ ಏರ್ಪಾಡು ಇರಬೇಕು. ಹಳೆಯದನ್ನು ಒಪ್ಪಿಸಿದರೆ ಮಾತ್ರ ಹೊಸದು ಅನ್ನುವ ನಿಯಮ ಮಾಡಿದರೆ ಬರುತ್ತವೆ.

ಸಾಮಾನ್ಯ ಸೀಲಿಂಗ್ ಫ್ಯಾನಿನ ಕೆಪಾಸಿಟರ್ 2.5 ಮೈಕ್ರೋಫ್ಯಾರಡ್, ಮೇಲೆ ಕೆಳಗೆ ಶೇ 5 ಎಂದು ಅದರ ಮೈಮೇಲೆ ಬರೆದಿದ್ದರೆ 2.375ರಿಂದ 2.625ರೊಳಗೆ ಇರಬೇಕು. ಎರಡು ತಂತಿಗಳ ನಡುವೆ ರೆಸಿಸ್ಟರ್ ಇಟ್ಟು ಚಾರ್ಜ್ ಇಳಿಸಿ, ಆಮೇಲೆ ಮೀಟರಿಗೆ ಹಚ್ಚಿ. ವಾಪಸು ಬಂದವು 1.4, 1.7, 1.9 ಎಂದು ತೋರಿಸಿದರೆ ಸಂಶಯ ನಿಜವಾಯಿತು. ಸರಿಯಾಗಿ 2.5 ತೋರಿಸಿದರೆ ಟೆಕ್ನಿಷಿಯನ್ ಊಹೆಯ ಮೇಲೆ ಬದಲಿಸಿದ್ದಾನೆ ಎಂದರ್ಥ. ಆಗ ಆ ಸಾಲುಗಳ Fault ತಿದ್ದಿ ಲೆಕ್ಕವನ್ನು ಮೊದಲಿನಿಂದ ಮಾಡಬೇಕು.

ಗೋಡೌನಿನಲ್ಲಿ ಉಳಿದಿರುವ ಅದೇ ಲಾಟಿನವನ್ನು ಅಳೆದರೆ ಎಲ್ಲವೂ 2.5 ತೋರಿಸುವ ಸಂಭವವೇ ಹೆಚ್ಚು. ಸಪ್ಲೈಯರ್ ಇದನ್ನೇ ಹಿಡಿದು ಮಾಲು ಚೆನ್ನಾಗಿದೆ ಅನ್ನುತ್ತಾನೆ. ಇವು ಲೋಹ ಲೇಪಿಸಿದ ತೆಳು ಪ್ಲಾಸ್ಟಿಕ್ ಹಾಳೆಯ ಸುರುಳಿಗಳು. ವೋಲ್ಟೇಜಿಗೆ ಹಾಳೆಯಲ್ಲಿ ಸಣ್ಣ ತೂತು ಬಿದ್ದಾಗ ಅದರ ಸುತ್ತಲಿನ ಲೇಪ ಆವಿಯಾಗಿ ಶಾರ್ಟ್ ತಾನೇ ಮುಚ್ಚಿಹೋಗುತ್ತದೆ, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಮೈಕ್ರೋಫ್ಯಾರಡ್ ಕಡಿಮೆಯಾಗುತ್ತದೆ. ಓಡದೆ ಇದ್ದದ್ದು ಸವೆಯುವುದಿಲ್ಲ. ಆದ್ದರಿಂದ ಹೊಸ ಪೀಸಿನ ಅಳತೆಯನ್ನು ಸಾಕ್ಷಿ ಎಂದು ಒಪ್ಪಬೇಡಿ. ಹೆಚ್ಚಿದ ವೋಲ್ಟೇಜು ಮತ್ತು ಉಷ್ಣಾಂಶದಲ್ಲಿ ದಿನಗಟ್ಟಲೆ ಓಡಿಸುವ ಬಾಳಿಕೆ ಪರೀಕ್ಷೆ ಕೇಳಿ, ಜೊತೆಗೆ ಹಳೆಯ ಒಳ್ಳೆಯ ಲಾಟಿನ ಕೆಲವು ಪೀಸುಗಳನ್ನೂ ಅದೇ ಪೆಟ್ಟಿಗೆಯಲ್ಲಿ ಇಡಲು ಹೇಳಿ.

ಶೀಟಿಗೆ ಬಾರದ ದೂರುಗಳು

ಕೆಪಾಸಿಟರಿನ ಮಟ್ಟಿಗೆ ನಿಮ್ಮ ಅಂಕಿ ಯಾವಾಗಲೂ ನಿಜಕ್ಕಿಂತ ಕಡಿಮೆ. ಅಗ್ಗದ ಭಾಗ. ವಾರಂಟಿ ಕಾರ್ಡು ಹುಡುಕಿ, ಫೋನ್ ಮಾಡಿ, ನಾಲ್ಕು ದಿನ ಸೆಕೆಯಲ್ಲಿ ಕಾಯುವ ಬದಲು ಜನ ಬೀದಿಯ ಎಲೆಕ್ಟ್ರಿಷಿಯನ್‌ನನ್ನು ಕರೆದು ಹಾಕಿಸಿಕೊಳ್ಳುತ್ತಾರೆ. ಡೀಲರೂ ಎಷ್ಟೋ ಸಲ ಕೌಂಟರಿನಲ್ಲೇ ಒಂದು ಕೊಟ್ಟು ಕಳಿಸುತ್ತಾನೆ. ಹಾಗಾಗಿ ಬಿಡಿಭಾಗದ ಮಾರಾಟವನ್ನೂ ಡೀಲರ್‌ವಾರು ಪಕ್ಕದಲ್ಲಿ ಇಟ್ಟುಕೊಳ್ಳಿ. ಒಬ್ಬ ಡೀಲರ್ ಇದ್ದಕ್ಕಿದ್ದಂತೆ ಹೆಚ್ಚು ಕೆಪಾಸಿಟರ್ ತರಿಸಿದರೆ ಅದೂ ಒಂದು ದೂರೇ.

ಒಂದು ಖಾತೆಯಲ್ಲಿ ಕಾಣದ್ದು ಇನ್ನೊಂದು ಖಾತೆಯಲ್ಲಿ ಬಿದ್ದಿರುವುದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಫೈರ್‌ಸ್ಟೋನ್ ಟೈರುಗಳದು. 2000ದ ಆಗಸ್ಟಿನಲ್ಲಿ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಸಿತು. ಗುಣಮಟ್ಟ ನೋಡುವವರು ಅಲ್ಲಿಯವರೆಗೆ ನಂಬಿಕೊಂಡಿದ್ದದ್ದು ವಾರಂಟಿಯಲ್ಲಿ ಬದಲಿಸಿಕೊಟ್ಟ ಟೈರುಗಳ ಅಂಕಿಯನ್ನು. ಅಪಘಾತ, ಆಸ್ತಿನಷ್ಟದ ಪರಿಹಾರ ಕೇಳಿ ಬಂದ ಅರ್ಜಿಗಳು ಬೇರೆ ಕಡೆ ಇದ್ದವು. ಅವನ್ನು ಕಾರ್ಖಾನೆವಾರು ಜೋಡಿಸಿದಾಗ ಇಲಿನಾಯ್ ರಾಜ್ಯದ ಡಿಕೇಟರ್ ಘಟಕದ ಟೈರುಗಳು ಎದ್ದು ಕಂಡವು. ಅದೇ ವರ್ಷ ನವೆಂಬರಿನಲ್ಲಿ ಅಲ್ಲಿ ಬಂದ ಕಾನೂನು, ವಾಹನ ಮತ್ತು ಟೈರು ತಯಾರಕರು ಇಂಥ ಅಂಕಿಗಳನ್ನು ಸರ್ಕಾರಕ್ಕೆ ಮುಂಚಿತವಾಗಿ ಒಪ್ಪಿಸುವ ವ್ಯವಸ್ಥೆಗೆ ದಾರಿ ಮಾಡಿತು.

ತಡೆದ ಮೇಲೆ

ವಾರಕ್ಕೊಮ್ಮೆ, ಒಂದೇ ದಿನ, ಸರ್ವಿಸ್ ನೋಡಿಕೊಳ್ಳುವವರು, ಖರೀದಿಯವರು, ಲೈನಿನ ಸೂಪರ್‌ವೈಸರ್ ಮೂವರೂ ಈ ಶೀಟನ್ನು ಒಟ್ಟಿಗೆ ನೋಡಬೇಕು. ಗೆರೆ ದಾಟಿದ ಕೋಶಕ್ಕೆ ಯಾರು ಏನು ಮಾಡಿದರು ಎಂದು ಅದೇ ಶೀಟಿನಲ್ಲಿ ತಾರೀಖಿನ ಸಮೇತ ಬರೆಯಿರಿ. ಹೊಸ ಲಾಟಿನ ಕೆಪಾಸಿಟರ್ ಹಾಕಿದ ಬ್ಯಾಚಿಗೆ ಮೂರು ತಿಂಗಳು ತುಂಬುವವರೆಗೆ ಪ್ರಕರಣ ಮುಚ್ಚಬೇಡಿ. ಮಳೆಗಾಲದಲ್ಲಿ ದೂರು ತಾನಾಗಿಯೇ ಇಳಿಯುತ್ತದೆ, ಅದನ್ನು ನಿಮ್ಮ ರಿಪೇರಿಯ ಗುಣ ಎಂದುಕೊಂಡರೆ ಮುಂದಿನ ಮಾರ್ಚಿನಲ್ಲಿ ಮತ್ತೆ ಶುರುವಾಗುತ್ತದೆ.

ಸರ್ವಿಸ್ ಸೆಂಟರುಗಳ ಕಪಾಟನ್ನು ಬಹಳ ಮಂದಿ ಮರೆಯುತ್ತಾರೆ. ಬದಲಿಸಿಕೊಡಲು ನೀವೇ ಕಳಿಸಿದ ಬಿಡಿ ಕೆಪಾಸಿಟರುಗಳು ಅದೇ ಕೆಟ್ಟ ಲಾಟಿನವೇ ಆಗಿರಬಹುದು. ಒಂದೇ SerialNo ಎರಡನೇ ಸಲ ಅದೇ ದೋಷಕ್ಕೆ ಬಂದಿದೆಯೇ ಎಂದು B ಕಾಲಮ್ಮಿನಲ್ಲಿ ಹುಡುಕಿ. ಬಂದಿದ್ದರೆ ಗೋಡೌನಿಗಿಂತ ಮೊದಲು ಆ ಕಪಾಟನ್ನು ಖಾಲಿ ಮಾಡಿಸಿ.